ಅರ್ಧ ಅಂಕ ಇರುವುದು ಗೆರೆಯ ತುದಿಯಲ್ಲಿ

ಎಸ್ಸೆಸ್ಸೆಲ್ಸಿ ವಿಜ್ಞಾನ ಪತ್ರಿಕೆಯ ಜೀವಶಾಸ್ತ್ರ ಭಾಗದಲ್ಲಿ ಇಂಥದೊಂದು ಪ್ರಶ್ನೆ ಬರುವುದು ರೂಢಿ: ಮಾನವನ ಹೃದಯದ ಸೀಳುನೋಟದ ಚಿತ್ರ ಬರೆದು, ಮಹಾಪಧಮನಿ ಮತ್ತು ಎಡ ಹೃತ್ಕುಕ್ಷಿಯನ್ನು ಗುರುತಿಸಿ. ಹೃದಯದ ಜಾಗದಲ್ಲಿ ಒಮ್ಮೆ ಮೆದುಳು ಇರುತ್ತದೆ, ಒಮ್ಮೆ ನೆಫ್ರಾನ್, ಒಮ್ಮೆ ಹೂವಿನ ನೀಳಸೀಳಿಕೆ. ಗುರುತಿಸಬೇಕಾದ ಎರಡು ಭಾಗಗಳೂ ಬದಲಾಗುತ್ತಿರುತ್ತವೆ. ಪ್ರಶ್ನೆಯ ಎಲುಬುಗೂಡು ಮಾತ್ರ ಅದೇ.

ಚಿತ್ರದ ಪ್ರಶ್ನೆ ಎಂದರೆ ಮಕ್ಕಳಲ್ಲಿ ಎರಡು ಪಂಗಡ. ಕೈ ಚೆನ್ನಾಗಿ ಓಡುವವರು ಖುಷಿಯಿಂದ ಕೂತು, ಹೃದಯದ ಮೇಲೆ ಸಣ್ಣ ಸಣ್ಣ ರಕ್ತನಾಳಗಳನ್ನೂ ಬಿಡಿಸಿ, ನೆರಳು ತುಂಬಿ, ಹದಿನೈದು ನಿಮಿಷ ಕಳೆದುಬಿಡುತ್ತಾರೆ. ‘ನನಗೆ ಡ್ರಾಯಿಂಗ್ ಬರಲ್ಲ’ ಎನ್ನುವವರು ಆ ಪ್ರಶ್ನೆಯನ್ನು ಕೊನೆಗೆ ತಳ್ಳಿ, ಕೊನೆಗೆ ಒಂದು ಆಲೂಗಡ್ಡೆಯಾಕಾರ ಗೀಚಿ ಎದ್ದು ಬರುತ್ತಾರೆ. ಇಬ್ಬರೂ ನೋಡದೆ ಬಿಟ್ಟಿರುವುದು ಒಂದೇ, ಅಂಕ ಹೇಗೆ ಹಂಚಿಹೋಗುತ್ತದೆ ಎಂಬುದನ್ನು.

ಪರೀಕ್ಷೆ ಮುಗಿದ ಮೇಲೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ತನ್ನ ಜಾಲತಾಣದಲ್ಲಿ ಮಾದರಿ ಉತ್ತರಗಳನ್ನು ಹಾಕುತ್ತದೆ. ಶಾಲೆಗಳಲ್ಲಿ ಎಲ್ಲರೂ ಅದನ್ನು ಕರೆಯುವುದು ‘ಕೀ ಆನ್ಸರ್’ ಎಂದೇ. ಅದರಲ್ಲಿ ಚಿತ್ರದ ಪಕ್ಕದಲ್ಲಿರುವ ಅಂಕಗಳ ಲೆಕ್ಕವನ್ನು ಕಣ್ಣಿಟ್ಟು ನೋಡಬೇಕು. ಮೂರು ಅಂಕದ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಚಿತ್ರಕ್ಕೆ 2 ಅಂಕ, ಕೇಳಿದ ಎರಡು ಭಾಗಗಳಿಗೆ ಅರ್ಧರ್ಧ ಅಂಕ. ಅಂದರೆ ಹೃದಯದಲ್ಲಿ ಹತ್ತು ಭಾಗ ಗುರುತಿಸಿದರೂ, ಕೇಳಿದ್ದು ಎರಡೇ ಆದರೆ ಉಳಿದ ಎಂಟಕ್ಕೆ ಏನೂ ಸಿಗುವುದಿಲ್ಲ. ಇನ್ನು ಆ 2 ಅಂಕ ಚಿತ್ರದ ಸೊಬಗಿಗಲ್ಲ. ಇರಬೇಕಾದ ಭಾಗಗಳು ಇರಬೇಕಾದ ಜಾಗದಲ್ಲಿ, ಒಂದಕ್ಕೊಂದು ಸರಿಯಾಗಿ ಕೂಡಿಕೊಂಡು ಇವೆಯೇ ಎಂಬುದಕ್ಕೆ. ಕೇಳಿದ ಭಾಗ ಚಿತ್ರದಲ್ಲೇ ಸ್ಪಷ್ಟವಾಗಿ ಮೂಡದಿದ್ದರೆ ಹೆಸರಿನ ಗೆರೆ ಹೋಗಿ ಮುಟ್ಟುವುದಾದರೂ ಎಲ್ಲಿಗೆ?

ಆದ್ದರಿಂದ ಕಲಿಯುವ ದಾರಿಯನ್ನೇ ತಿರುಗಿಸಿಕೊಳ್ಳಬೇಕಾಗುತ್ತದೆ. ಮೊದಲು ಚಿತ್ರ, ಆಮೇಲೆ ಹೆಸರು ಎಂಬುದು ರೂಢಿ. ಪರೀಕ್ಷೆಗಾದರೆ ಮೊದಲು ಹೆಸರು, ಆಮೇಲೆ ಆ ಹೆಸರುಗಳಿಗೆ ಜಾಗ ಮಾಡಿಕೊಡುವಷ್ಟು ಚಿತ್ರ.

ಹೆಸರುಗಳನ್ನು ಹುಡುಕಲು ಹಿಂದಿನ ಐದಾರು ಪ್ರಶ್ನೆಪತ್ರಿಕೆಗಳು ಸಾಕು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುವುದರಿಂದ ಎರಡು ಮೂರು ವರ್ಷದ ಪತ್ರಿಕೆಗಳನ್ನು ಜೆರಾಕ್ಸ್ ಮಾಡಿಸಿಟ್ಟುಕೊಂಡರೂ ಅಷ್ಟಾಗುತ್ತದೆ. ಒಂದು ಹಾಳೆಯಲ್ಲಿ ಪ್ರತಿ ಚಿತ್ರದ ಹೆಸರು ಬರೆದು, ಅದರ ಕೆಳಗೆ ಕೇಳಿದ ಭಾಗಗಳನ್ನು ಬರೆಯುತ್ತಾ, ಮತ್ತೆ ಬಂದದ್ದರ ಮುಂದೆ ಒಂದೊಂದು ಗೀಟು ಹಾಕುತ್ತಾ ಹೋಗಬೇಕು. ಎಷ್ಟು ಸಲ ಬಂತು ಎನ್ನುವುದಕ್ಕಿಂತ ಯಾವ ಬಗೆಯ ಭಾಗ ಬರುತ್ತದೆ ಎನ್ನುವುದು ಆ ಹಾಳೆಯಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಪಾಠದಲ್ಲಿ ಯಾವ ಭಾಗದ ಕೆಲಸವನ್ನು ವಿವರಿಸಲಾಗಿದೆಯೋ ಅದನ್ನೇ ಹೆಚ್ಚಾಗಿ ಗುರುತಿಸಲು ಹೇಳುತ್ತಾರೆ. ಮೆದುಳಿನಲ್ಲಿ ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮೆಡುಲ್ಲಾ. ನೆಫ್ರಾನ್‌ನಲ್ಲಿ ಬೌಮನ್ನನ ಕೋಶ, ಗ್ಲೋಮೆರುಲಸ್, ಸಂಗ್ರಾಹಕ ನಾಳ. ಹೂವಿನಲ್ಲಿ ಶಲಾಕಾಗ್ರ, ಅಂಡಾಶಯ, ಪರಾಗಕೋಶ. ಪಾಠ ಬರಿ ಹೆಸರಿಸಿ ಮುಂದೆ ಹೋದ ಭಾಗಗಳು ಅಪರೂಪ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಕೆಲವೊಮ್ಮೆ ಪ್ರಶ್ನೆ ಭಾಗದ ಹೆಸರನ್ನೇ ಹೇಳುವುದಿಲ್ಲ. ‘ದೇಹದ ಭಂಗಿ ಮತ್ತು ಸಮತೋಲನ ಕಾಪಾಡುವ ಭಾಗವನ್ನು ಗುರುತಿಸಿ’ ಎನ್ನುತ್ತದೆ. ಆಗ ಗೆರೆ ಎಳೆದು ‘ಸಮತೋಲನ ಕಾಪಾಡುವ ಭಾಗ’ ಎಂದು ಬರೆದರೆ ಸಾಲದು, ‘ಅನುಮಸ್ತಿಷ್ಕ’ ಎಂದೇ ಬರೆಯಬೇಕು. ಹಾಳೆಯಲ್ಲಿ ಪ್ರತಿ ಹೆಸರಿನ ಪಕ್ಕ ನಾಲ್ಕು ಪದಗಳಲ್ಲಿ ಅದರ ಕೆಲಸ ಬರೆದಿಟ್ಟುಕೊಂಡವರಿಗೆ ಇದು ತೊಡಕಾಗುವುದಿಲ್ಲ. ಪಾಸಿಂಗ್ ಪ್ಯಾಕೇಜ್ ಎಂಬ ಹೆಸರಿನಲ್ಲಿ ಹಂಚಿಕೆಯಾಗುವ ಪುಟ್ಟ ಪುಸ್ತಕಗಳಲ್ಲಿ ‘ಮುಖ್ಯ ಚಿತ್ರಗಳು’ ಎಂಬ ಪಟ್ಟಿ ಇರುತ್ತದೆ ನಿಜ. ಆದರೆ ಚಿತ್ರದೊಳಗಿನ ಯಾವ ಭಾಗ ಎಂಬಲ್ಲಿಗೆ ಬಹುಪಾಲು ಅವು ಇಳಿಯುವುದೇ ಇಲ್ಲ. ಆ ಕೆಲಸ ಸ್ವಂತ ಕೈಯಿಂದಲೇ ಆಗಬೇಕು, ಒಂದು ಸಂಜೆಯ ಕೆಲಸ.

ಈಗ ಹೃದಯವನ್ನೇ ತೆಗೆದುಕೊಂಡು ನೋಡೋಣ. ಹತ್ತನೆಯ ತರಗತಿಯ ಪಠ್ಯದ ಸೀಳುನೋಟದಲ್ಲಿ ಹತ್ತು ಭಾಗಗಳಿಗೆ ಹೆಸರಿದೆ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ, ಅವುಗಳ ನಡುವೆ ವಿಭಾಜಕ ಭಿತ್ತಿ. ದೇಹದ ಮೇಲ್ಭಾಗದಿಂದ ಮತ್ತು ಕೆಳಭಾಗದಿಂದ ರಕ್ತ ತರುವ ಎರಡು ಮಹಾ ಅಭಿಧಮನಿಗಳು. ಮಹಾಪಧಮನಿ, ಪುಪ್ಪುಸಕ ಅಪಧಮನಿ, ಪುಪ್ಪುಸಕ ಅಭಿಧಮನಿ. ಹತ್ತರಲ್ಲಿ ಯಾವುದನ್ನು ಬೇಕಾದರೂ ಕೇಳಬಹುದಾದ್ದರಿಂದ ಹತ್ತಕ್ಕೂ ಚಿತ್ರದಲ್ಲಿ ಜಾಗ ಇರಬೇಕು. ಹನ್ನೊಂದನೆಯದು ಬೇಕಿಲ್ಲ.

ಶುರು ಮಾಡುವ ಮೊದಲು ಒಂದು ಮಾತು. ಚಿತ್ರದಲ್ಲಿರುವ ಹೃದಯ ನಮ್ಮ ಎದುರು ನಿಂತವರದು. ಅವರ ಎಡ ನಮ್ಮ ಬಲಗಡೆ. ಹಾಳೆಯ ಬಲಗಡೆ ಬರುವುದು ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿ. ಇಲ್ಲಿ ತಪ್ಪಿದರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಕೋಣೆಗಳ ಹೆಸರಿನ ಅಂಕ ಹೋದಂತೆಯೇ. ಗಡಿಬಿಡಿಯಲ್ಲಿ ಅನುಮಾನ ಬಂದರೆ ಚಿತ್ರವೇ ಉತ್ತರ ಹೇಳುತ್ತದೆ: ಗೋಡೆ ದಪ್ಪ ಇರುವ ಹೃತ್ಕುಕ್ಷಿ ಎಡದ್ದು, ಏಕೆಂದರೆ ಅದು ಇಡೀ ದೇಹಕ್ಕೆ ರಕ್ತ ನೂಕಬೇಕು. ಬಲದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಹೃದಯದ ಚೂಪು ತುದಿ ವಾಲುವುದೂ ಎಡಕ್ಕೇ, ಅಂದರೆ ಹಾಳೆಯ ಬಲಕ್ಕೆ.

ಮೊದಲ ಗೆರೆ ಹೊರಮೈಯದು. ಸುಮಾರು ಎಂಟು ಒಂಬತ್ತು ಸೆಂಟಿಮೀಟರ್ ಎತ್ತರ, ಕೆಳಗೆ ಹಾಳೆಯ ಬಲಕ್ಕೆ ವಾಲಿದ ಚೂಪು. ಮೇಲ್ಭಾಗವನ್ನು ಮುಚ್ಚಬಾರದು. ಹೆಚ್ಚಿನವರು ಮಾಡುವ ತಪ್ಪೇ ಇದು. ಪೂರ್ತಿ ಮುಚ್ಚಿದ ಆಕಾರ ಬರೆದು, ಆಮೇಲೆ ರಕ್ತನಾಳ ತರಲು ಅಲ್ಲಲ್ಲಿ ಅಳಿಸುತ್ತಾರೆ. ಅಳಿಸಿದ ಜಾಗ ಕಪ್ಪಾಗುತ್ತದೆ, ನಾಳ ಒಳಗೆ ತೆರೆದುಕೊಂಡಿದೆಯೋ ಗೋಡೆಗೆ ಅಂಟಿಕೊಂಡಿದೆಯೋ ತಿಳಿಯುವುದಿಲ್ಲ. ಮೇಲೆ ಮೂರು ಕಡೆ ಬಾಗಿಲು ಬಿಡಬೇಕು: ಹಾಳೆಯ ಎಡತುದಿಯಲ್ಲಿ ಮೇಲಿನ ಮಹಾ ಅಭಿಧಮನಿಗೆ, ನಡುವೆ ಅಗಲವಾಗಿ ಎರಡು ಅಪಧಮನಿಗಳಿಗೆ, ಬಲತುದಿಯಲ್ಲಿ ಪುಪ್ಪುಸಕ ಅಭಿಧಮನಿಗಳಿಗೆ. ಎಡಗಡೆ ಬಲ ಹೃತ್ಕರ್ಣದ ಕೆಳಮೂಲೆಯಲ್ಲಿ ಇನ್ನೊಂದು ಬಾಗಿಲು, ಕೆಳಗಿನ ಮಹಾ ಅಭಿಧಮನಿಗೆ.

ಎರಡನೆಯದು ವಿಭಾಜಕ ಭಿತ್ತಿ. ಇದನ್ನು ನೆಟ್ಟಗೆ ಮಧ್ಯದಲ್ಲಿ ಎಳೆಯದೆ, ಮೇಲಿನ ನಡುವಿನಿಂದ ಕೆಳಗಿನ ಚೂಪಿನ ಕಡೆಗೆ ಓರೆಯಾಗಿ ಇಳಿಸಬೇಕು. ಹೃತ್ಕರ್ಣಗಳ ನಡುವೆ ತೆಳ್ಳಗೆ, ಹೃತ್ಕುಕ್ಷಿಗಳ ನಡುವೆ ದಪ್ಪಗೆ. ಒಂಟಿ ಗೆರೆಯ ಬದಲು ಜೋಡಿ ಗೆರೆ ಎಳೆದರೆ ‘ವಿಭಾಜಕ ಭಿತ್ತಿ’ ಕೇಳಿದಾಗ ಗೆರೆಯ ತುದಿ ಇಡಲು ಜಾಗ ಸಿಗುತ್ತದೆ. ಮೇಲಿಂದ ಕೆಳಗಿನವರೆಗೆ ಎಲ್ಲೂ ಕಂಡಿ ಬೀಳಬಾರದು. ಬಲ ಎಡಗಳ ರಕ್ತ ಬೆರೆಯದಂತೆ ತಡೆಯುವುದೇ ಅದರ ಕೆಲಸ. ಕಂಡಿ ಬಿಟ್ಟರೆ ವಿಷಯವೇ ತಪ್ಪಿದ ಚಿತ್ರವಾಗುತ್ತದೆ.

ಮೂರನೆಯದಾಗಿ ಮೇಲಿನ ಕೋಣೆಗಳನ್ನೂ ಕೆಳಗಿನವನ್ನೂ ಬೇರ್ಪಡಿಸುವ ಅಡ್ಡಗೆರೆ. ಇಲ್ಲಿ ಉಲ್ಟಾ, ಎರಡೂ ಕಡೆ ಕಂಡಿ ಬಿಡಲೇಬೇಕು. ಹೃತ್ಕರ್ಣದ ರಕ್ತ ಹೃತ್ಕುಕ್ಷಿಗೆ ಇಳಿಯುವುದು ಅಲ್ಲಿಂದಲೇ. ಆ ಕಂಡಿಯಲ್ಲಿ ಕೆಳಮುಖವಾಗಿ ಎರಡೆರಡು ಸಣ್ಣ ಬಾಗಿದ ಗೆರೆ ಹಾಕಿದರೆ ಕವಾಟಗಳಾದವು. ಆಮೇಲೆ ಒಳಗಡೆ ಇನ್ನೊಂದು ಗೆರೆ ಎಳೆದು ಗೋಡೆಗೆ ದಪ್ಪ ಕೊಡುವುದು. ನಿಜವಾದ ಹೃದಯದಲ್ಲಿ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಚಿತ್ರದಲ್ಲಿ ಅಷ್ಟು ನಿಖರ ಅಳತೆ ಬೇಡ, ನೋಡಿದ ಕೂಡಲೇ ವ್ಯತ್ಯಾಸ ಕಂಡರೆ ಆಯಿತು. ಹೃತ್ಕರ್ಣಗಳ ಗೋಡೆ ತೆಳ್ಳಗಿರಲಿ.

ಇಷ್ಟು ಸುಲಭ. ಹೃದಯ ಕೈಕೊಡುವುದು ಮೇಲಿನ ನಾಳಗಳಲ್ಲಿ. ಮಹಾಪಧಮನಿ ಮತ್ತು ಪುಪ್ಪುಸಕ ಅಪಧಮನಿ ಒಂದನ್ನೊಂದು ಹಾಯ್ದುಹೋಗುವುದರಿಂದ ಯಾವುದರ ಗೆರೆ ಎಲ್ಲಿ ನಿಲ್ಲಬೇಕು ಎಂಬುದೇ ತಿಳಿಯದೆ ಅಲ್ಲೊಂದು ಜಾಲ ಹೆಣೆದುಕೊಳ್ಳುತ್ತದೆ. ಇದಕ್ಕೆ ಒಂದು ಕ್ರಮ ಇಟ್ಟುಕೊಂಡರೆ ಬಿಡಿಸಿಕೊಳ್ಳಬಹುದು: ಮುಂದಿರುವುದನ್ನು ಮೊದಲು, ಹಿಂದಿರುವುದನ್ನು ಆಮೇಲೆ ಬರೆಯುವುದು. ಮುಂದಿರುವುದು ಪುಪ್ಪುಸಕ ಅಪಧಮನಿ. ಹಾಳೆಯ ಎಡಗಡೆಯ ಕೆಳಕೋಣೆಯಿಂದ, ಅಂದರೆ ಬಲ ಹೃತ್ಕುಕ್ಷಿಯಿಂದ, ಅದನ್ನು ಎರಡು ಗೆರೆಗಳಲ್ಲಿ ಮೇಲಕ್ಕೆ ತಂದು, ಇಂಗ್ಲಿಷಿನ ‘ಟಿ’ ಅಕ್ಷರದಂತೆ ಎರಡು ಕವಲು ಮಾಡಬೇಕು. ಒಂದು ಕವಲು ಒಂದೊಂದು ಶ್ವಾಸಕೋಶಕ್ಕೆ. ಅದು ಪೂರ್ತಿಯಾದ ಮೇಲೆ ಮಹಾಪಧಮನಿಯನ್ನು ಎಡ ಹೃತ್ಕುಕ್ಷಿಯಿಂದ ಎತ್ತಿ, ಪುಪ್ಪುಸಕ ಅಪಧಮನಿಗೆ ತಾಗಿದಲ್ಲಿ ಗೆರೆ ನಿಲ್ಲಿಸಿ, ಅದರಾಚೆ ಮತ್ತೆ ಮುಂದುವರಿಸಿ, ಆ ಕವಲಿನ ಮೇಲೆ ಕಮಾನಿನಂತೆ ಬಾಗಿಸಬೇಕು. ಕಮಾನಿನ ನೆತ್ತಿಯಲ್ಲಿ ಮೂರು ಪುಟ್ಟ ಕವಲು. ಹಿಂದಿನದರ ಗೆರೆ ಮುಂದಿನದರೊಳಗೆ ನುಗ್ಗದಿದ್ದರೆ ಯಾವುದು ಯಾವುದೆಂದು ಕೇಳಬೇಕಾದದ್ದೇ ಇಲ್ಲ.

ಉಳಿದ ಅಭಿಧಮನಿಗಳಿಗೆ ಮೊದಲೇ ಬಾಗಿಲು ಬಿಟ್ಟಿರುವುದರಿಂದ ಬರಿ ಕೊಳವೆ ಸೇರಿಸಿದರೆ ಮುಗಿಯಿತು. ಎರಡು ಮಹಾ ಅಭಿಧಮನಿಗಳೂ ಬಲ ಹೃತ್ಕರ್ಣಕ್ಕೆ, ಪುಪ್ಪುಸಕ ಅಭಿಧಮನಿಗಳು ಎಡ ಹೃತ್ಕರ್ಣಕ್ಕೆ. ಬರೆದಾದ ಮೇಲೆ ಪೆನ್ಸಿಲಿನ ತುದಿಯನ್ನು ರಕ್ತ ಸಾಗುವ ದಾರಿಯಲ್ಲಿ ಒಮ್ಮೆ ಓಡಿಸಿ ನೋಡಬಹುದು: ಮಹಾ ಅಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಆಮೇಲೆ ಪುಪ್ಪುಸಕ ಅಭಿಧಮನಿ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮಹಾಪಧಮನಿ. ಎಲ್ಲೂ ಗೋಡೆಗೆ ಡಿಕ್ಕಿ ಹೊಡೆಯದೆ ದಾರಿ ಮುಗಿದರೆ ಚಿತ್ರ ಸರಿಯಿದೆ. ಹತ್ತು ಸೆಕೆಂಡಿನ ಈ ಪರೀಕ್ಷೆ, ಚಿತ್ರ ಪುಸ್ತಕದಲ್ಲಿದ್ದಂತೆ ಕಾಣುತ್ತದೆಯೇ ಎಂದು ದಿಟ್ಟಿಸುವುದಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನು ಹೆಸರಿನ ಗೆರೆ. ಸ್ಕೇಲ್ ಇಟ್ಟು, ಆದಷ್ಟು ಅಡ್ಡಕ್ಕೆ, ಪೆನ್ಸಿಲಿನಲ್ಲಿ ಒಂದೇ ಎಳೆ. ಒಂದು ಗೆರೆ ಇನ್ನೊಂದನ್ನು ದಾಟಬಾರದು. ಇಷ್ಟನ್ನು ಎಲ್ಲ ಮೇಷ್ಟ್ರೂ ಹೇಳಿಕೊಟ್ಟಿರುತ್ತಾರೆ. ಆದರೂ ಅರ್ಧ ಅಂಕ ಕಳೆದುಹೋಗುವುದು ಗೆರೆಯ ಇನ್ನೊಂದು ತುದಿಯಲ್ಲಿ, ಅದು ಚಿತ್ರವನ್ನು ಮುಟ್ಟುವ ಕಡೆ. ‘ಎಡ ಹೃತ್ಕುಕ್ಷಿ’ಯ ಗೆರೆ ದಪ್ಪ ಗೋಡೆಯ ಮೇಲೇ ನಿಂತರೆ ಗುರುತಿಸಿದ್ದು ಕೋಣೆಯನ್ನೋ ಗೋಡೆಯನ್ನೋ ಎಂಬ ಅನುಮಾನ ಉಳಿಯುತ್ತದೆ. ಗೆರೆ ಕೋಣೆಯ ಒಳಗೆ, ನಡುವಿನವರೆಗೆ ಹೋಗಬೇಕು. ವಿಭಾಜಕ ಭಿತ್ತಿಯಾದರೆ ಜೋಡಿ ಗೆರೆಗಳ ನಡುವೆಯೇ ನಿಲ್ಲಬೇಕು, ದಾಟಿ ಆಚೆ ಹೋದರೆ ಅದು ಹೃತ್ಕುಕ್ಷಿಯಾಯಿತು. ಪುಪ್ಪುಸಕ ಅಪಧಮನಿಯನ್ನು ಎರಡು ನಾಳ ಹಾಯುವ ಗಲಿಬಿಲಿಯ ಜಾಗದಲ್ಲಿ ಮುಟ್ಟುವ ಬದಲು ಅದರ ಕವಲಿನ ತುದಿಯಲ್ಲಿ, ಮಹಾಪಧಮನಿಯನ್ನು ಕಮಾನಿನ ನೆತ್ತಿಯಲ್ಲಿ ಮುಟ್ಟಿದರೆ ಯಾರೂ ತಪ್ಪು ಹೇಳಲಾರರು. ಚಿತ್ರಕ್ಕೆ ಅರ್ಧ ಸೆಂಟಿಮೀಟರ್ ದೂರದಲ್ಲೇ ನಿಂತುಬಿಟ್ಟ ಗೆರೆ ಏನನ್ನೂ ಗುರುತಿಸಿದಂತಲ್ಲ.

ಹೆಸರು ಬರೆಯುವಾಗ ಅಪಧಮನಿ, ಅಭಿಧಮನಿ ಎಂಬ ಜೋಡಿಯಲ್ಲಿ ಎಚ್ಚರ ಬೇಕು. ಅವಸರದ ಕೈಬರಹದಲ್ಲಿ ‘ಪ’ ಯಾವುದು ‘ಭಿ’ ಯಾವುದು ಎಂದು ತಿಳಿಯದಂತಾದರೆ ಮೌಲ್ಯಮಾಪಕರು ವಿದ್ಯಾರ್ಥಿಯ ಮನಸ್ಸಿನಲ್ಲಿದ್ದದ್ದನ್ನು ಊಹಿಸುತ್ತಾ ಕೂರಲಾಗದು.

ಸಮಯದ ಲೆಕ್ಕವೂ ಇದೆ. ಪತ್ರಿಕೆಗೆ 80 ಅಂಕ, ಓದಿಕೊಳ್ಳುವ 15 ನಿಮಿಷ ಬಿಟ್ಟರೆ ಬರೆಯಲು 180 ನಿಮಿಷ. ಒಂದು ಅಂಕಕ್ಕೆ ಎರಡೂಕಾಲು ನಿಮಿಷ ಬರುತ್ತದೆ. ಮೂರು ಅಂಕದ ಹೃದಯಕ್ಕೆ ಏಳು ನಿಮಿಷಕ್ಕಿಂತ ಕಡಿಮೆ. ಹೊರಮೈ, ಭಿತ್ತಿ, ಅಡ್ಡಗೆರೆ, ಗೋಡೆ ಇವಕ್ಕೆ ಎರಡೂವರೆ ನಿಮಿಷ, ನಾಳಗಳಿಗೆ ಎರಡೂವರೆ, ಹೆಸರಿಗೆ ಒಂದು ಎಂದು ಇಟ್ಟುಕೊಂಡರೆ ಸರಿಹೋಗುತ್ತದೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಪುಸ್ತಕ ಮುಚ್ಚಿ, ಗಡಿಯಾರ ಎದುರಿಟ್ಟು ಬರೆಯಬೇಕು. ಪುಸ್ತಕ ತೆರೆದು ನೋಡಿ ಬರೆದದ್ದು ಕಣ್ಣಿನ ಅಭ್ಯಾಸವಾಗುತ್ತದೆಯೇ ಹೊರತು ನೆನಪಿನದಲ್ಲ. ಬರೆದಾದ ಮೇಲೆ ಪುಸ್ತಕ ತೆರೆದು ಹತ್ತು ಹೆಸರುಗಳನ್ನು ಒಂದೊಂದಾಗಿ ಓದುತ್ತಾ, ಪ್ರತಿಯೊಂದಕ್ಕೂ ತನ್ನ ಚಿತ್ರದಲ್ಲಿ ಜಾಗ ಇದೆಯೇ ಎಂದು ಬೆರಳಿಟ್ಟು ನೋಡಬೇಕು. ಬೆರಳಿಗೆ ಜಾಗ ಸಿಗದ ಭಾಗವನ್ನಷ್ಟೇ ಮತ್ತೆ ಅಭ್ಯಾಸ ಮಾಡಿದರೆ ಸಾಕು, ಇಡೀ ಹೃದಯವನ್ನಲ್ಲ. ನೆರಳು, ಬಣ್ಣ, ಹೃದಯದ ಮೈಮೇಲಿನ ಕಿರುನಾಳಗಳು ಇವಕ್ಕೆ ಕೀ ಆನ್ಸರಿನಲ್ಲಿ ಅಂಕವೇ ಇಲ್ಲ. ಪೆನ್ಸಿಲಿನ ನೆರಳಿನ ಮೇಲೆ ಅಂಗೈ ಉಜ್ಜಿ ಪುಟವೆಲ್ಲ ಮಸಿಯಾಗುವುದೊಂದೇ ಲಾಭ.

ಪಿಯುಸಿಗೆ ಬಂದಾಗ ಆಟದ ನಿಯಮ ಸ್ವಲ್ಪ ಬದಲಾಗುತ್ತದೆ. ದ್ವಿತೀಯ ಪಿಯು ಜೀವಶಾಸ್ತ್ರದಲ್ಲಿ ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂದಷ್ಟೇ ಕೇಳುವುದುಂಟು. ಯಾವ ಭಾಗ ಎಂದು ಪ್ರಶ್ನೆ ಹೇಳುವುದಿಲ್ಲ. ಅಂಕ ಹಂಚಿಕೆಯ ಪಟ್ಟಿಯಲ್ಲಿ ಮಾತ್ರ ಚಿತ್ರಕ್ಕಿಷ್ಟು, ‘ಯಾವುದಾದರೂ ಇಷ್ಟು ಭಾಗಗಳಿಗೆ’ ತಲಾ ಅರ್ಧ ಎಂಬ ಧಾಟಿ ಇರುತ್ತದೆ. ಹೀಗಾಗಿ ಇಲ್ಲಿ ಹಳೆಯ ಪ್ರಶ್ನೆಪತ್ರಿಕೆಗಿಂತ ಹಳೆಯ ಅಂಕ ಹಂಚಿಕೆಯ ಪಟ್ಟಿಯನ್ನೇ ಓದಬೇಕು. ಎಸ್ಸೆಸ್ಸೆಲ್ಸಿಯಲ್ಲಿ ವ್ಯರ್ಥವಾಗಿದ್ದ ಹೆಚ್ಚುವರಿ ಹೆಸರುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಬೇಕಾದದ್ದಕ್ಕಿಂತ ಎರಡು ಹೆಚ್ಚು ಬರೆದಿಟ್ಟರೆ ಒಂದು ತಪ್ಪಾದರೂ ಲೆಕ್ಕ ತುಂಬುತ್ತದೆ.

ಹೂಬಿಡುವ ಸಸ್ಯಗಳ ಬಲಿತ ಭ್ರೂಣಚೀಲ ಇದಕ್ಕೆ ಒಳ್ಳೆಯ ಉದಾಹರಣೆ. ಬರೆಯಲು ಹೃದಯಕ್ಕಿಂತ ಎಷ್ಟೋ ಸುಲಭ, ಒಂದು ಉದ್ದನೆಯ ಮೊಟ್ಟೆಯಾಕಾರದೊಳಗೆ ಕೆಲವು ಕೋಶಗಳು, ಅಷ್ಟೇ. ಮೇಲ್ತುದಿಯಲ್ಲಿ ಮೂರು ಆಂಟಿಪೋಡಲ್ ಕೋಶಗಳು, ಅದು ಚಲಾಜಾ ತುದಿ. ಕೆಳಗೆ ಮೈಕ್ರೊಪೈಲ್ ತುದಿಯಲ್ಲಿ ಮೂರು ಕೋಶಗಳು: ಒಂದು ಅಂಡಕೋಶ, ಎರಡು ಸಿನರ್ಜಿಡ್‌ಗಳು. ಉಳಿದ ದೊಡ್ಡ ಜಾಗವೆಲ್ಲ ಕೇಂದ್ರ ಕೋಶ, ಅದರಲ್ಲಿ ಎರಡು ಧ್ರುವೀಯ ಕೋಶಕೇಂದ್ರಗಳು. ಚಿತ್ರ ಸರಿಯಿದೆಯೇ ಎಂದು ತಿಳಿಯಲು ಎಣಿಸಿದರೆ ಸಾಕು. ಕೋಶ 3, 1, 3 ಸೇರಿ ಏಳು. ಕೋಶಕೇಂದ್ರ 3, 2, 3 ಸೇರಿ ಎಂಟು. ಏಳು ಮತ್ತು ಎಂಟು ಬರದಿದ್ದರೆ ಎಲ್ಲೋ ಒಂದು ಚುಕ್ಕಿ ಬಿಟ್ಟುಹೋಗಿದೆ, ಹೆಚ್ಚಾಗಿ ಕೇಂದ್ರ ಕೋಶದ ಎರಡನೆಯದು.

ಈ ಚಿತ್ರದಲ್ಲಿ ಜಾರುವುದು ಫಿಲಿಫಾರ್ಮ್ ಅಪರೇಟಸ್ ಎಂಬ ಭಾಗದಲ್ಲಿ. ಪರಾಗನಾಳಕ್ಕೆ ಒಳಗೆ ಬರುವ ದಾರಿ ತೋರಿಸುವ ಗೋಡೆಯ ದಪ್ಪ ಏರುಪೇರುಗಳು ಅವು. ಇರುವುದು ಸಿನರ್ಜಿಡ್‌ಗಳ ತುದಿಯಲ್ಲಿ, ಅಂಡಕೋಶದಲ್ಲಲ್ಲ. ಮೂರೂ ಕೋಶಗಳನ್ನು ಒಂದೇ ಸಮನೆ ಬರೆದುಬಿಟ್ಟರೆ ಯಾವುದರ ತುದಿಗೆ ಆ ಕಿರುಗೆರೆಗಳನ್ನು ಹಾಕಬೇಕೆಂದು ಕೈ ತಡೆಯುತ್ತದೆ. ಸಿನರ್ಜಿಡ್‌ಗಳನ್ನು ಮೈಕ್ರೊಪೈಲಿನ ತುದಿಗೆ ಮೂತಿ ಇಟ್ಟಂತೆ ಅಕ್ಕಪಕ್ಕ ಬರೆದು, ಅಂಡಕೋಶವನ್ನು ಅವುಗಳ ನಡುವೆ ತುಸು ಮೇಲೆ ದೊಡ್ಡದಾಗಿ ತೋರಿಸಿದರೆ ಗೊಂದಲ ಇರದು. ಭಾಗಗಳನ್ನು ಆರಿಸುವಾಗಲೂ ಜಾಗದ ಬಗ್ಗೆ ಅನುಮಾನವೇ ಇಲ್ಲದವನ್ನು ಮೊದಲು ಬರೆಯಬೇಕು: ಆಂಟಿಪೋಡಲ್ ಕೋಶ, ಧ್ರುವೀಯ ಕೋಶಕೇಂದ್ರ, ಕೇಂದ್ರ ಕೋಶ, ಅಂಡಕೋಶ, ಸಿನರ್ಜಿಡ್. ಫಿಲಿಫಾರ್ಮ್ ಅಪರೇಟಸ್ ಮತ್ತು ಎರಡು ತುದಿಗಳ ಹೆಸರು ಕೊನೆಗೆ. ತುದಿಗಳು ಅದಲುಬದಲಾಗುವುದು ಸಾಮಾನ್ಯ. ಅಂಡಕೋಶ ಇರುವ ಕಡೆ ಮೈಕ್ರೊಪೈಲ್ ಎಂದು ನೆನಪಿದ್ದರೆ ಸಾಕು, ಪರಾಗನಾಳ ಸಾಮಾನ್ಯವಾಗಿ ಆ ಕಡೆಯಿಂದಲೇ ಬರುತ್ತದೆ.

ಕೊನೆಯದಾಗಿ, ಗಂಟೆ ಹೊಡೆಯಲು ಮೂರು ನಿಮಿಷ ಇದ್ದು ಹೃದಯದ ಪ್ರಶ್ನೆ ಖಾಲಿ ಉಳಿದಿದ್ದರೆ? ಹತ್ತು ಭಾಗಗಳ ಚಿತ್ರಕ್ಕೆ ಕೈ ಹಾಕಬಾರದು. ಮೇಲೆ ತೆರೆದ ಹೊರಮೈ, ಓರೆ ಭಿತ್ತಿ, ಕಂಡಿ ಬಿಟ್ಟ ಅಡ್ಡಗೆರೆ ಇಷ್ಟಕ್ಕೆ ನಾಲ್ಕು ಕೋಣೆ ಆಗುತ್ತದೆ. ಬಲಗಡೆಯ ಕೆಳಕೋಣೆಗೆ ದಪ್ಪ ಗೋಡೆ, ಅಲ್ಲಿಂದೆದ್ದ ಒಂದು ಕಮಾನು. ಮಹಾಪಧಮನಿ ಮತ್ತು ಎಡ ಹೃತ್ಕುಕ್ಷಿಯನ್ನು ಕೇಳಿದ್ದರೆ ಅವೆರಡರ ಅರ್ಧರ್ಧ ಅಂಕ ಕೈಗೆ ಸಿಕ್ಕಿತು, ಚಿತ್ರದ ಎರಡರಲ್ಲೂ ಒಂದಷ್ಟು ಬಂದೀತು. ಪುಪ್ಪುಸಕ ಅಪಧಮನಿ ಕೇಳಿದ್ದರೆ ಕಮಾನಿನ ಬದಲು ಎಡಗಡೆಯ ಕೆಳಕೋಣೆಯಿಂದ ಆ ‘ಟಿ’ ಕವಲನ್ನು ಎತ್ತಬೇಕು. ಸಮಯ ಮಿಕ್ಕರೆ ಉಳಿದ ನಾಳಗಳು, ಅವೂ ಬಾಗಿಲು ಬಿಟ್ಟ ಜಾಗದಲ್ಲಿ.